ಗಂಜಿ ಆರುವ ತನಕ

ನಮ್ಮ ಮನೆಯಲ್ಲಿ ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು. ಹೊಳೆನರಸೀಪುರದ ಪೇಟೆ ಬೀದಿಯ ಬಟ್ಟೆ ಅಂಗಡಿಯಲ್ಲಿ ಕೂತು, "ಬಣ್ಣ ಬುಡಾಕಿಲ್ಲ ಕಣವ್ವ, ನಾನ್ ಬೇಕಾದ್ರೆ ಊರು ಬುಟ್ಟು ಓಗ್ತೀನಿ, ಈ ಬಣ್ಣ ಓಗಾಕಿಲ್ಲ" ಎನ್ನುವ ಅಪ್ಪನ ದನಿ. ಪ್ರತಿ ಮಾತಿಗೂ ಮೊದಲು "ಸಿವನೇ" ಎಂದು ಉಸಿರು ಬಿಡುವ ಅಮ್ಮನ ದನಿ. ಅರಕಲಗೂಡಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಕ್ಕ, "ಕೈ ಕಟ್ಟಿ, ಬಾಯಿ ಮುಚ್ಚಿ" ಎಂದು ನನ್ನನ್ನೂ ಒಂದನೇ ಕ್ಲಾಸಿಗೆ ಸೇರಿಸಿಕೊಂಡು ಗದರುವ ದನಿ. ನನ್ನ ಸ್ವಂತ ದನಿ ಹೇಗಿದೆ ಅಂತ ಯಾರಾದರೂ ಕೇಳಿದ್ದರೆ ನಾನು ತೊದಲುತ್ತಿದ್ದೆ. ಅದನ್ನು ಬಳಸಿದ್ದೇ ಕಡಿಮೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾನು ದಿನಾ ಬೆಳಿಗ್ಗೆ ರೈಲು ಹತ್ತಿ ಹಾಸನಕ್ಕೆ ಹೋಗಿ ಬಿಎಸ್ಸಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಅಪ್ಪನ ನಂಬಿಕೆ. ರೈಲಿನಲ್ಲಿ ಟಿಸಿಯ ದನಿ ತೆಗೆದು ಟಿಕೆಟ್ ಇಲ್ಲದವರನ್ನು ಕಕ್ಕಸಿನೊಳಗೆ ಓಡಿಸುತ್ತಿದ್ದೆ ಅನ್ನುವುದು ಸತ್ಯ.

ಆ ವರ್ಷ ಅಕ್ಕ ರಜೆ ಹಾಕಿ ಮನೆಗೆ ಬಂದಳು. ಬಂದವಳನ್ನು ನೋಡಿ ನಾನು, "ಏನಕ್ಕ, ಸೀರೆ ಒಬ್ಬಳೇ ಬಂದವಳೆ, ನೀನೆಲ್ಲಿ?" ಎಂದೆ. ಅವಳು ನಗಲಿಲ್ಲ. ಎಷ್ಟು ತಿಂದರೂ ಒಣಗುತ್ತಿದ್ದಳು. ಉಂಡ ಮೇಲೆ ಹೊಟ್ಟೆ ಹಿಡಿದು ಮೊಣಕಾಲಿಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ಆಮೇಲೆ ಹಿತ್ತಲಿನ ಕಕ್ಕಸು. ಅಲ್ಲಿಗೆ ನೀರು ಹೊರುವವನು ನಾನು. ಬಕೆಟ್ ಮೇಲೆ ಬಕೆಟ್ ಹುಯ್ದರೂ ಅದು ಹೋಗುತ್ತಿರಲಿಲ್ಲ, ಎಣ್ಣೆಯಂತೆ ನೀರಿನ ಮೇಲೆ ತೇಲುತ್ತಿತ್ತು. ಒಳಗಿಂದ ಅಕ್ಕ ಸಣ್ಣ ದನಿಯಲ್ಲಿ, "ಇನ್ನೊಂದು ಬಕೆಟ್ ತತ್ತೀಯೇನ್ಲಾ" ಎಂದಾಗ ಆ ದನಿಯನ್ನು ಅಣಕಿಸಲು ನನಗೂ ಧೈರ್ಯ ಬರಲಿಲ್ಲ.

ಹಾಸನದ ಡಾಕ್ಟರು ಸ್ಕ್ಯಾನ್ ಮಾಡಿಸಿ ಹೇಳಿದರು. ಅವರದು ಮೂಗಿನಿಂದ ಬರುವ ನಿಧಾನದ ಮಾತು. "ನೋಡಿ ಇವ್ರೇ, ಹೊಟ್ಟೆ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ. ತಿಂದದ್ದನ್ನ ಕತ್ತರಿಸೋ ಕಿಣ್ವಗಳು, ಎನ್‌ಜೈಮ್ ಅಂತೀವಿ, ಅಲ್ಲಿಂದ ಕರುಳಿಗೆ ಬರಬೇಕು. ಇವರ ಗ್ರಂಥಿ ಒಳಗೆ ಕಲ್ಲು ಕಟ್ಟಿ ಅದು ಬತ್ತಿಹೋಗಿದೆ. ಕತ್ತರಿಸೋರು ಇಲ್ಲ, ಅದಕ್ಕೆ ಎಣ್ಣೆ, ತುಪ್ಪ ಎಲ್ಲ ಹಾಗೇ ಹೊರಗೆ ಹೋಗ್ತಾ ಇದೆ. ಗ್ರಂಥಿ ಮತ್ತೆ ಸರಿ ಆಗಲ್ಲ. ಅದು ಕೊಡದೇ ಇರೋದನ್ನ ನಾವು ಹೊರಗಿಂದ ಕೊಡಬೇಕು, ಊಟದ ಜೊತೆ, ದಿನಾ, ಜೀವನಪೂರ್ತಿ." ಆಮೇಲೆ ಅಪ್ಪನ ಹಣೆಯ ವಿಭೂತಿಯನ್ನು ನೋಡಿ, ಸ್ವಲ್ಪ ತಡೆದು, "ಇದನ್ನ ಹಂದಿಯ ಗ್ರಂಥಿಯಿಂದ ತೆಗೀತಾರೆ. ನಿಮಗೆ ಗೊತ್ತಿರಲಿ" ಎಂದರು.

ಅಪ್ಪನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ನಮ್ಮ ಮನೆಯಲ್ಲಿ ಕೇಕ್ ತರಬೇಕಾದರೂ ಮೊಟ್ಟೆ ಇಲ್ಲ ತಾನೇ ಎಂದು ಬೇಕರಿಯವನನ್ನು ಮೂರು ಸಲ ಕೇಳುತ್ತಿದ್ದೆವು. ಡಾಕ್ಟರ ರೂಮಿನ ಫ್ಯಾನು ಕಿರುಗುಟ್ಟುತ್ತಿತ್ತು. ಅಕ್ಕನೇ ಬಾಯಿ ತೆಗೆದಳು.

"ನಾನ್ ತಿಂತೀನಿ ಸಾ. ಬರೀರಿ."

ಅಪ್ಪ ಮನೆಗೆ ಬಂದು ಸ್ನಾನ ಮಾಡಿ ಲಿಂಗಪೂಜೆಗೆ ಕೂತವರು ಏಳುವ ಹೊತ್ತಿಗೆ ಅಮ್ಮ ಬಡಿಸಿದ ಊಟ ತಣ್ಣಗೆ ಕೊರೆಯುತ್ತಿತ್ತು.

ಕ್ಯಾಪ್ಸೂಲು ದಪ್ಪ. ನುಂಗಲು ಹೋದರೆ ಅಕ್ಕನಿಗೆ ಓಕರಿಕೆ. ಅಮ್ಮ ಸುಮ್ಮನಿರುತ್ತಾಳೆಯೇ? ನಮ್ಮಲ್ಲಿ ಔಷಧಿ ಅಂದರೆ ತೇಯುವುದು. ನಮ್ಮಿಬ್ಬರಿಗೂ ಬಜೆ, ಜಾಯಿಕಾಯಿ ಎಲ್ಲವನ್ನೂ ತೇದು ನೆಕ್ಕಿಸಿಯೇ ಸಾಕಿದವಳು. ಆ ಕರೀ ತೇಯುವ ಕಲ್ಲನ್ನು ಮತ್ತೆ ಇಳಿಸಿದಳು. ಕ್ಯಾಪ್ಸೂಲು ಬಿಚ್ಚಿದರೆ ಒಳಗೆ ಸಾಸಿವೆಗಿಂತ ಸಣ್ಣ ಕಾಳುಗಳು. ಅವನ್ನು ಕಲ್ಲಿನ ಮೇಲೆ ಹಾಕಿ ನುಣ್ಣಗೆ ಅರೆದು, ಒಲೆಯಿಂದ ಆಗಷ್ಟೇ ಇಳಿಸಿದ ಅಕ್ಕಿ ಗಂಜಿಗೆ ಕದಡಿ, ಊದಿ ಊದಿ ಕುಡಿಸುತ್ತಿದ್ದಳು. "ಸಿವನೇ, ನುಣ್ಣಗಿದ್ರೆ ಬ್ಯಾಗ ಇಡೀತದೆ. ಬಿಸಿಬಿಸಿ ಓದ್ರೆ ಒಟ್ಟೆಗೂ ಇತ."

ಅಷ್ಟು ಅಕ್ಕರೆಯಿಂದ ಯಾರಾದರೂ ಔಷಧಿ ಕೊಟ್ಟದ್ದನ್ನು ನಾನು ನೋಡಿಲ್ಲ. ಆದರೆ ಏನೂ ಬದಲಾಗಲಿಲ್ಲ. ಬಕೆಟ್‌ಗಳು ಹಾಗೇ ಹೋಗುತ್ತಿದ್ದವು. ಅಕ್ಕನ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಚನ್ನರಾಯಪಟ್ಟಣದಿಂದ ಎಳನೀರು ಹೊತ್ತು ನೋಡಲು ಬಂದ ಸೋದರತ್ತೆ ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವತ್ತು ಅತ್ತೆ ಹೋದ ಮೇಲೆ ಅಪ್ಪ ಅಮ್ಮನಿಗೆ ಹೇಳಿದ್ದು ನನಗೆ ನಡುಮನೆಯಿಂದ ಕೇಳಿಸಿತು. "ಬ್ಯಾಡದ್ದನ್ನ ಒಳಿಕ್ಕೆ ಬುಟ್ಕಂಡ್ವಿ. ಅದಕ್ಕೆ ಇಂಗಾಯ್ತಾ ಅದೆ. ಈಗ ತಂದಿರೋದು ಮುಗೀಲಿ, ಇನ್ ತರಾಕಿಲ್ಲ. ಸಿವ ಮಡಗ್ದಂಗೆ ಇರ್ಲಿ."

ಅಪ್ಪ ಕೆಟ್ಟವರಲ್ಲ. ನಿಯಮ ಮುರಿದೂ ಮಗಳು ಉಳಿಯುತ್ತಿಲ್ಲವಲ್ಲ ಎಂಬ ಸಂಕಟಕ್ಕೆ ಅವರಿಗೆ ಸಿಕ್ಕ ಕಾರಣ ಅದೊಂದೇ. ನನಗೆ ಆ ಕಾರಣವೂ ಇರಲಿಲ್ಲ. ಹೆದರಿಕೆ ಮಾತ್ರ ಇತ್ತು. ಕ್ಯಾಪ್ಸೂಲಿನ ಸೀಸೆ ಖಾಲಿಯಾದರೆ ಅಕ್ಕ ಹೋಗುತ್ತಾಳೆ ಅಂತ.

ಆ ವಾರವೇ ಕಾಲೇಜಿನಲ್ಲಿ ಎಂಜಲಿನ ಪ್ರಾಕ್ಟಿಕಲ್. ಜೀವರಸಾಯನ ಕಲಿಸುತ್ತಿದ್ದ ಮೇಡಂ ಎನ್‌ಜೈಮ್‌ಗಳ ಬಗ್ಗೆ ತಮ್ಮ ಹಳೇ ವಿದ್ಯಾರ್ಥಿಗಳೇನೋ ಎಂಬಂತೆ ಮಾತಾಡುತ್ತಿದ್ದರು. ಕನ್ನಡಕದ ಮೇಲಿಂದ ನೋಡುತ್ತಾ, "ಎನ್‌ಜೈಮ್ ಒಂದು ಪ್ರೋಟೀನು ಕಣ್ರಪ್ಪ. ಉದ್ದನೆ ದಾರ ಸುತ್ತಿ ಸುತ್ತಿ ಒಂದು ಉಂಡೆ ಆಗಿದೆ ಅಂದ್ಕೊಳ್ಳಿ. ಆ ಉಂಡೇಲಿ ಒಂದು ಗುಳಿ. ಪಿಷ್ಟ ಬಂದು ಆ ಗುಳೀಲಿ ಕೂರತ್ತೆ, ಕಟ್ ಆಗತ್ತೆ, ಎದ್ದು ಹೋಗತ್ತೆ. ಎನ್‌ಜೈಮ್‌ಗೆ ಏನೂ ಆಗಲ್ಲ, ಮುಂದಿನವರು ಬನ್ನಿ ಅನ್ನತ್ತೆ. ಅದಿಲ್ಲದೇ ಇದ್ರೆ ಅದೇ ಕೆಲಸ ಆಗೋಕೆ ನಿಮ್ಮ ಮೊಮ್ಮಕ್ಕಳ ಕಾಲ ಬರತ್ತೆ" ಎನ್ನುತ್ತಿದ್ದರು. ಅವರ ಈ 'ಕಣ್ರಪ್ಪ' ನನ್ನ ದೊಡ್ಡ ಆಸ್ತಿ. ಕ್ಯಾಂಟೀನಿನಲ್ಲಿ ಅದನ್ನು ಹೇಳಿ ಎಷ್ಟೋ ಟೀ ಕುಡಿದಿದ್ದೆ.

ಎಲ್ಲರೂ ಬೀಕರಿಗೆ ಉಗಿದೆವು. ನನ್ನ ಪಕ್ಕದವನು, "ಇವನ ಎಂಜಲು ಬ್ಯಾಡ ಮೇಡಂ, ಅದೂ ಬೇರೆಯೋರ ಥರ ಮಾತಾಡ್ತದೆ" ಎಂದ. ಎಂಜಲನ್ನು ಗಂಜಿಯಂಥ ಪಿಷ್ಟದ ನೀರಿಗೆ ಸೇರಿಸಿ ಮೂರು ಗಾಜಿನ ನಳಿಗೆಗೆ ಹಾಕಿದೆವು. ಒಂದು ಮಂಜುಗಡ್ಡೆಯಲ್ಲಿ, ಒಂದು ಮೈಬಿಸಿಯ ನೀರಿನಲ್ಲಿ. ಮೂರನೆಯದಕ್ಕೆ ಮೊದಲೇ ಕುದಿಸಿದ ಎಂಜಲು. ಆಗಾಗ ಬಿಳೀ ಟೈಲ್ ಮೇಲೆ ಒಂದೊಂದು ಹನಿ ಇಟ್ಟು ಅಯೋಡಿನ್ ಬಿಡುವುದು. ಪಿಷ್ಟ ಉಳಿದಿದ್ದರೆ ಕಡುನೀಲಿ, ಕತ್ತರಿಸಿಹೋಗಿದ್ದರೆ ಅಯೋಡಿನ್ನಿನದೇ ಕಂದು.

ಮೈಬಿಸಿಯಲ್ಲಿದ್ದದ್ದು ಬೇಗನೆ ಕಂದಾಯಿತು. ಮಂಜಿನದೂ ಕುದಿಸಿದ್ದೂ ನೀಲಿ. ಮೇಡಂ ಅವೆರಡನ್ನೂ ಮೈಬಿಸಿಯ ನೀರಿಗೆ ಹಾಕಿಸಿದರು. ಮಂಜಿನದು ಸ್ವಲ್ಪ ಹೊತ್ತಿಗೆ ಕಂದಾಯಿತು. ಕುದಿಸಿದ್ದು ನೀಲಿಯಾಗಿಯೇ ಉಳಿಯಿತು.

"ಚಳೀಲಿ ಅದು ಮಲಗಿರತ್ತೆ ಕಣ್ರಪ್ಪ, ಎಬ್ಬಿಸಿದ್ರೆ ಏಳತ್ತೆ. ಕುದಿಸಿದ್ರೆ ಉಂಡೆ ಬಿಚ್ಚಿಹೋಗತ್ತೆ. ಗುಳಿನೇ ಇಲ್ಲ, ಪಿಷ್ಟ ಎಲ್ಲಿ ಕೂರತ್ತೆ? ಆಮೇಲೆ ತಣ್ಣಗೆ ಮಾಡಿದ್ರೂ ಅದು ವಾಪಸ್ ಬರಲ್ಲ."

ನಾನು ಟೈಲ್ ನೋಡುತ್ತಾ ನಿಂತೆ. ನೀಲಿ ಹನಿಯಲ್ಲಿ ನಮ್ಮ ಅಡುಗೆಮನೆ ಕಾಣಿಸಿತು. ಕೊತಕೊತ ಎನ್ನುವ ಗಂಜಿ. ಅದಕ್ಕೆ ಅಮ್ಮನ ಕೈಯಿಂದ ಬೀಳುವ ಪುಡಿ.

ಮೆಡಿಕಲ್ ಸ್ಟೋರಿನಲ್ಲಿ ಟಿಂಕ್ಚರ್ ಅಯೋಡಿನ್ ಕೊಂಡು ಸಂಜೆ ರೈಲಿಗೆ ಓಡಿದೆ. ಅಂದು ಅಡುಗೆಮನೆಯಲ್ಲಿ ಎರಡು ಲೋಟ ಗಂಜಿ ಇಟ್ಟೆ. ಒಂದು ಕುದಿಯುವುದು, ಒಂದು ಬೆರಳು ಅದ್ದಿದರೆ ಹಿತವಾಗಿರುವುದು. ಅಮ್ಮ ಅರೆದುಕೊಟ್ಟ ಒಂದೇ ಕ್ಯಾಪ್ಸೂಲಿನ ಪುಡಿಯನ್ನು ಎರಡಕ್ಕೂ ಹಂಚಿದೆ. ಕಾದೆವು. ಬಿಳೀ ಪಿಂಗಾಣಿ ತಟ್ಟೆಯ ಮೇಲೆ ಹನಿಯಿಟ್ಟು ಅಯೋಡಿನ್ ಬಿಟ್ಟರೆ ಬಿಸಿಯದು ಕಡುನೀಲಿ, ಆರಿದ್ದು ಕಂದು. ಆರಿದ ಗಂಜಿ ಲೋಟದಲ್ಲೇ ನೀರಾಗಿತ್ತು. ಅಮ್ಮ ಅದನ್ನು ಚಮಚದಿಂದ ಎತ್ತಿ ಸುರಿದು ನೋಡಿದಳು, ಮತ್ತೆ ಎತ್ತಿ ಸುರಿದಳು.

"ಅಂಗಾರೆ ಇಷ್ಟ್ ದಿನ ನಾನೇ ಅದನ್ನ ಸಾಯಿಸ್ಬುಟ್ಟು ಕೊಡ್ತಿದ್ನಾ?"

"ಇನ್ಮೇಲೆ ಆರಿಸಿ ಕೊಡಮ್ಮ, ಅಷ್ಟೆ" ಎಂದೆ. ಗೆದ್ದವನ ದನಿಯಲ್ಲಿ ಹೇಳಿದೆನೆಂದು ತೋರುತ್ತದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಹೋದರು.

ಅಂದಿನಿಂದ ಅಮ್ಮ ಬೆರಳು ಅದ್ದಿ ಅದ್ದಿ ಗಂಜಿ ಆರಿಸಿದಳು, ಪುಡಿಯನ್ನು ಇನ್ನೂ ನುಣ್ಣಗೆ ಅರೆದಳು. ನಾನು ಪ್ರತಿ ದಿನ ಬಕೆಟ್ ಹಿಡಿದು ಕಕ್ಕಸಿನ ಬಾಗಿಲಲ್ಲಿ ರಿಸಲ್ಟಿಗೆ ಕಾಯುವ ವಿದ್ಯಾರ್ಥಿಯಂತೆ ನಿಲ್ಲುತ್ತಿದ್ದೆ.

"ಇನ್ನೊಂದು ಬಕೆಟ್ ತಾರ್ಲಾ."

ಮರುದಿನವೂ ಅದೇ. ಅದರ ಮರುದಿನವೂ ಅದೇ. ಏನೂ ಬದಲಾಗಲಿಲ್ಲ. ಮೊದಲಾದರೆ ಬಿಸಿಯ ಮೇಲೆ ತಪ್ಪು ಹಾಕಬಹುದಿತ್ತು. ಈಗ ಯಾವುದರ ಮೇಲೂ ಇಲ್ಲ. ಅಕ್ಕ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ಸಲ ಹಿತ್ತಲಿನ ಮೆಟ್ಟಿಲ ಮೇಲೆ ಕೂತು, "ಲೋ, ನನ್ ಕ್ಲಾಸಿನ ಮಕ್ಳ ಥರ ಒಂದ್ಸಲ ಪ್ರೇಯರ್ ಹೇಳೋ" ಎಂದಳು. ಹೇಳಿದೆ. ನಕ್ಕಳು. ನಗು ಹೊಟ್ಟೆಗೆ ಬಡಿದು ಬಗ್ಗಿಹೋದಳು. ನನ್ನ ವಿದ್ಯೆ ಅವಳಿಗೆ ನೋವು ಕೊಡುವುದಕ್ಕೂ ಬಂತಲ್ಲ ಎನಿಸಿ ನಾನು ಬಾವಿಯ ಹತ್ತಿರ ಹೋಗಿ ಸುಮ್ಮನೆ ನೀರು ಸೇದಿದೆ, ಚೆಲ್ಲಿದೆ, ಮತ್ತೆ ಸೇದಿದೆ.

ಅಪ್ಪ ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ತಳದಲ್ಲಿ ಕೆಲವೇ ಉಳಿದಿದ್ದವು. "ನಿನ್ ಕಾಲೇಜಿನ ಆಟನೂ ಆಯ್ತಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಆ ಕೆಲವುಗಳಲ್ಲಿ ಒಂದಿಷ್ಟನ್ನು ಜೇಬಿಗೆ ಹಾಕಿಕೊಂಡು, ಅಮ್ಮನಿಗೆ ಹೇಳಿಯೇ ಹೊರಟೆ. ಲ್ಯಾಬಿನಲ್ಲಿ ಮೇಡಂ ಒಬ್ಬರೇ ಇದ್ದರು. ನನ್ನನ್ನು ನೋಡಿ ಕನ್ನಡಕ ಇಳಿಸಿದರು.

"ಬಾರಪ್ಪ ಕಲಾವಿದ. ಕ್ಯಾಂಟೀನಲ್ಲಿ ನನ್ನ ಕ್ಲಾಸು ಚೆನ್ನಾಗಿ ನಡೀತಿದೆಯಂತೆ?"

ಬೇರೆ ದಿನವಾಗಿದ್ದರೆ ಏನಾದರೂ ತಿರುಗಿ ಹೇಳುತ್ತಿದ್ದೆ. ಅವತ್ತು ಬಾಯಿ ತೆರೆದರೆ ಅಳು ಬಂತು. ಯಾರ ದನಿಯೂ ಅಲ್ಲದ ಅಳು. ತೊದಲುತ್ತಾ ಎಲ್ಲ ಹೇಳಿದೆ. ತೇಯುವ ಕಲ್ಲು ಅನ್ನುವಷ್ಟರಲ್ಲಿ ಮೇಡಂ ಕೈ ಎತ್ತಿ ನಿಲ್ಲಿಸಿದರು.

"ಅರೀತಾರಾ? ಆ ಕಾಳುಗಳನ್ನ?"

"ನುಣ್ಣಗೆ ಮೇಡಂ."

ಅವರು ಒಂದು ಕ್ಯಾಪ್ಸೂಲು ಬಿಚ್ಚಿ ಕಾಳುಗಳನ್ನು ಗಾಜಿನ ಮೇಲೆ ಹರಡಿ ನೋಡಿದರು. "ಇವು ಬರೀ ಕಾಳಲ್ಲ. ಒಂದೊಂದರ ಮೇಲೂ ಒಂದು ಅಂಗಿ ಹಾಕಿದಾರೆ. ಯಾಕೆ ಹೇಳು?"

ನಾನು ಕಾಳುಗಳ ಮೇಲೆ ಬಗ್ಗಿ ನೋಡಿದೆ.

"ಬಾಯಿಂದ ಕರುಳಿಗೆ ಹೋಗೋ ದಾರೀಲಿ ಮಧ್ಯ ಏನಿದೆ?"

"ಜಠರ."

"ಅಲ್ಲೇನಿದೆ?"

"ಆಸಿಡ್" ಎಂದೆ. ಹೇಳುತ್ತಲೇ ಅಮ್ಮನ ತೇಯುವ ಕಲ್ಲು ನೆನಪಾಯಿತು.

ಮೇಡಂ ಒಂದು ನಳಿಗೆಗೆ ಅರೆದ ಪುಡಿ, ಇನ್ನೊಂದಕ್ಕೆ ಇಡೀ ಕಾಳು ಹಾಕಿ ಎರಡಕ್ಕೂ ಜಠರದಲ್ಲಿರುವಂಥ ತೆಳು ಆಸಿಡ್ ಹುಯ್ದು ಮೈಬಿಸಿಯ ನೀರಿನಲ್ಲಿ ಇಟ್ಟರು. ಇಬ್ಬರೂ ಕಾದೆವು. ಹೊರಗೆ ಬೆಲ್ ಹೊಡೆಯಿತು, ಮುಂದಿನ ಬ್ಯಾಚಿನವರನ್ನು ಅವರು ಬಾಗಿಲಿಂದಲೇ ವಾಪಸ್ ಕಳಿಸಿದರು. ಆಮೇಲೆ ಎರಡರ ಹುಳಿಯನ್ನೂ ಸೋಡಾ ಪುಡಿಯ ನೀರಿನಿಂದ ಮುರಿದು, ಕರುಳಿನಲ್ಲಿ ಇರುವಷ್ಟು ಚೂರು ಕ್ಷಾರ ಮಾಡಿ, ಪಿಷ್ಟದ ನೀರು ಸೇರಿಸಿದರು. ಆಸಿಡ್‌ನಲ್ಲಿ ಅಲುಗದೆ ಕೂತಿದ್ದ ಇಡೀ ಕಾಳುಗಳು ಈಗ ಮೆತ್ತಗಾಗಿ ಕರಗತೊಡಗಿದವು.

ಟೈಲ್ ಮೇಲೆ ಹನಿ. ಅರೆದದ್ದು ಕಡುನೀಲಿ. ಇಡೀ ಕಾಳಿನದು ಹೊತ್ತು ಹೋದಂತೆ ನೇರಳೆಯಾಗಿ, ಕೊನೆಗೆ ಕಂದಾಯಿತು.

"ಉಂಡೆ ನಿಂತಿರೋದು ಅದರ ಮೈಮೇಲಿರೋ ಪ್ಲಸ್ಸು ಮೈನಸ್ಸುಗಳು ಒಂದನ್ನೊಂದು ಹಿಡ್ಕೊಂಡು. ಹುಳಿ ಜಾಸ್ತಿ ಆದ್ರೆ ಆ ಹಿಡಿತ ತಪ್ಪತ್ತೆ, ಆಕಾರ ಕೆಡತ್ತೆ. ಎಲ್ಲ ಎನ್‌ಜೈಮೂ ಹಾಗಲ್ಲ. ಜಠರದ ಪೆಪ್ಸಿನ್‌ಗೆ ಹುಳಿನೇ ಬೇಕು, ಅದು ಅಲ್ಲಿನೋನು. ಇವು ಕರುಳಿನೋರು, ಹುಳೀಲಿ ಬದುಕಲ್ಲ. ಕೊಬ್ಬು ಕತ್ತರಿಸೋ ಲೈಪೇಸ್ ಅಂತೂ ಎಲ್ಲಕ್ಕಿಂತ ಮೊದಲು ಹೋಗತ್ತೆ. ಅದಕ್ಕೇ ಈ ಅಂಗಿ. ಹುಳೀಲಿ ಗಟ್ಟಿಯಾಗಿದ್ದು, ಕರುಳಿಗೆ ಬಂದ ಮೇಲೆ ಬಿಚ್ಕೊಳತ್ತೆ. ನಿಮ್ಮಮ್ಮ..." ಎಂದವರು ಅಲ್ಲಿಗೆ ನಿಲ್ಲಿಸಿದರು. "ಅವರಿಗೆ ಹೇಗೆ ಗೊತ್ತಾಗಬೇಕು? ಯಾರೂ ಹೇಳಿಲ್ಲ. ಹೋಗು, ಡಾಕ್ಟರನ್ನ ಕೇಳು, ನುಂಗೋಕೆ ಆಗದೇ ಇದ್ರೆ ಹೇಗೆ ಕೊಡೋದು ಅಂತ."

ಡಾಕ್ಟರು ಮೂಗಿನಿಂದಲೇ ನಿಟ್ಟುಸಿರು ಬಿಟ್ಟರು. "ನೋಡಿ ಇವ್ರೇ, ನುಂಗಿ ಅಂದಿದ್ದೆ, ತೇದಿ ಅಂತ ನಾನು ಯೋಚನೆನೂ ಮಾಡಲಿಲ್ಲ. ಬಿಚ್ಚಬಹುದು. ಕಾಳು ಇಡಿಯಾಗಿರಲಿ. ತಣ್ಣನೆಯ ಹುಳಿ ಮೊಸರು ಒಂದು ಚಮಚ, ಅದರ ಮೇಲೆ ಉದುರಿಸಿ ತಕ್ಷಣ ನುಂಗಬೇಕು, ಜಗೀಬಾರದು. ಮೇಲೆ ನೀರು. ಊಟದ ಶುರುವಿಗೆ ಸ್ವಲ್ಪ, ಮಧ್ಯ ಸ್ವಲ್ಪ." ಹೊಟ್ಟೆಯ ಹುಳಿ ತಗ್ಗಿಸಲು ಒಂದು ಮಾತ್ರೆಯನ್ನೂ ಬರೆದರು.

ಮನೆಗೆ ಬಂದಾಗ ಅಪ್ಪ ಅಂಗಡಿ ಮುಚ್ಚಿ ಬಂದು ಜಗಲಿಯ ಮೇಲೆ ಕೂತಿದ್ದರು. ಸೀಸೆ ಪಕ್ಕದಲ್ಲಿತ್ತು. ಅವರೆದುರು ನನ್ನ ದನಿ ಹೊರಡಲಿಲ್ಲ. ಹತ್ತೊಂಬತ್ತು ವರ್ಷ ಅಪ್ಪನ ಹತ್ತಿರ ತಮಾಷೆ ಬಿಟ್ಟು ಬೇರೇನೂ ಮಾತಾಡಿ ಗೊತ್ತಿರಲಿಲ್ಲ. ಕೊನೆಗೆ ಕನ್ನಡಕ ಇಳಿಸಿದವನಂತೆ ಮಾಡಿ ಮೇಡಂ ದನಿಯಲ್ಲಿ ಶುರು ಮಾಡಿದೆ. "ನೋಡ್ರಪ್ಪ, ಎನ್‌ಜೈಮ್ ಒಂದು ಉಂಡೆ ಕಣ್ರಪ್ಪ..." ದಾರ, ಗುಳಿ, ಹುಳಿ, ಅಂಗಿ, ಎಲ್ಲವನ್ನೂ ಹೇಳಿದೆ. ಅಂಗಿ ಅಂದಾಗ ಬಟ್ಟೆ ಅಂಗಡಿಯ ಅಪ್ಪ ತಲೆ ಎತ್ತಿದರು. "ಅಂಗಿ ನಾವೇ ಹರಿದು ಕಳಿಸ್ತಿದ್ವಿ ಅಪ್ಪ" ಎನ್ನುವ ಹೊತ್ತಿಗೆ ಮೇಡಂ ಎಲ್ಲೋ ಹೋಗಿ ನನ್ನದೇ ಒಡಕು ದನಿ ಉಳಿದಿತ್ತು. "ಔಷಧಿ ಒಂದ್ಸಲಾನೂ ಅಕ್ಕನ ಕರುಳಿಗೆ ಓಗೇ ಇಲ್ಲ. ಶಿವ ಏನೂ ಮಾಡಿಲ್ಲಪ್ಪ. ಅವಳು ಇನ್ನೂ ತಿಂದೇ ಇಲ್ಲ."

ಅಪ್ಪ ಸೀಸೆಯನ್ನು ಕೈಗೆ ತೆಗೆದುಕೊಂಡರು. ಒಳಗೆ ಅಕ್ಕ ಚಾಪೆಯ ಮೇಲಿಂದ, "ಅಪ್ಪ, ಇನ್ನೊಂದ್ ಸೀಸೆ ತನ್ನಿ. ಇದೊಂದ್ ಸಲ ನೋಡ್ತೀನಿ. ಆಮೇಲೆ ನಿಮ್ಮಿಷ್ಟ" ಎಂದಳು. ಮೇಷ್ಟ್ರ ದನಿ ಅದು, ಬಹಳ ದಿನದ ಮೇಲೆ.

ಅಪ್ಪ ಎದ್ದರು. "ಆಸನದಲ್ಲೇ ಸಿಗ್ತದಾ, ಇಲ್ಲ ಮೈಸೂರ್ಗೆ ಓಗ್ಬೇಕಾ?" ಎಂದಷ್ಟೇ ಕೇಳಿದರು.

ಅಮ್ಮ ತೇಯುವ ಕಲ್ಲನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟು ಬಂದಳು. ಅವಳ ದನಿಯನ್ನು ನಾನು ಆಮೇಲೆ ಅಣಕಿಸಲೇ ಇಲ್ಲ. "ಸಿವನೇ" ಎಂದು ಅವಳು ಉಸಿರು ಬಿಡುವಾಗ ಈಗ ಅದರ ಹಿಂದೆ ಏನಿದೆ ಅಂತ ಗೊತ್ತಿತ್ತು.

ಚಮಚದ ಮೊಸರು, ಮೇಲೆ ಕಾಳು. "ಜಗೀಬ್ಯಾಡ ಕಣೇ" ಎಂದು ಅಮ್ಮ. "ಮಕ್ಳಿಗೆಲ್ಲ ಜಗಿದು ತಿನ್ನಿ ಅಂತ ಏಳ್ಕೊಡೋಳು ನಾನು" ಎಂದು ಅಕ್ಕ. ನುಂಗಿದಳು. ಮೊದಲ ಕೆಲವು ದಿನ ನಾನು ಬಕೆಟ್ ಹೊತ್ತೇ ಹೊತ್ತೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಪ್ಪನ ಪೂಜೆ ಇನ್ನೂ ಉದ್ದವಾಯಿತು. ಇನ್ನೊಂದು ತಪ್ಪು ಎಲ್ಲೋ ಕೂತಿದೆಯೇನೋ, ನಮ್ಮ ಕಣ್ಣಿಗೆ ಬೀಳುತ್ತಿಲ್ಲವೇನೋ ಎಂದು ನಾನು ಅಮ್ಮನ ಚಮಚವನ್ನೂ ಅನುಮಾನದಿಂದ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಎರಡು ಬಕೆಟ್ ತುಂಬಿ ಕಕ್ಕಸಿನ ಬಾಗಿಲಲ್ಲಿ ಇಟ್ಟು ಮೂರನೆಯದಕ್ಕೆ ಬಾವಿಗೆ ಹೊರಟಿದ್ದೆ. ಒಳಗಿಂದ ನೀರು ಹುಯ್ದ ಸದ್ದು. ಆಮೇಲೆ ಸದ್ದಿಲ್ಲ. ನಾನು ಹಗ್ಗ ಹಿಡಿದು ನಿಂತೆ.

"ಲೋ."

"ಏನಕ್ಕ?"

"ಬ್ಯಾಡ ಕಣೋ. ಒಂದೇ ಸಾಕಾಯ್ತು."

ಪೂಜೆಯ ಕೋಣೆಯ ಕಿಟಕಿ ಹಿತ್ತಲಿಗೇ ತೆರೆದಿತ್ತು. ಒಳಗೆ ಗಂಟೆ ನಿಂತಿತು. ಅಪ್ಪ ಮಡಿಪಂಚೆಯಲ್ಲೇ ಬಾಗಿಲಿಗೆ ಬಂದು, "ಏನಂತೆ?" ಎಂದರು.

"ಒಂದೇ ಬಕೆಟ್ ಸಾಕಂತೆ" ಎಂದೆ. ಯಾರ ದನಿಯಲ್ಲೂ ಅಲ್ಲ.

ಅಪ್ಪ ತಲೆಯಾಡಿಸಿದರು. ಗ್ರಂಥಿ ಸರಿಹೋಗಿಲ್ಲ, ಹೋಗುವುದೂ ಇಲ್ಲ, ಆ ಕಾಳು ಅವಳ ಊಟದಿಂದ ಎಂದೂ ತಪ್ಪುವಂತಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಅವರು ಪೂಜೆಯನ್ನು ಅಲ್ಲಿಗೇ ಮುಗಿಸಿ, ಅಂಗಿ ಹಾಕಿಕೊಂಡು, ಚಪ್ಪಲಿ ಮರೆತು ಬೀದಿಗೆ ಇಳಿದರು. ಸೀಸೆ ಅರ್ಧ ತುಂಬಿದ್ದರೂ ಇನ್ನೊಂದನ್ನು ತರಲು ಸ್ಟೇಷನ್ನಿನ ಕಡೆಗೆ ನಡೆದರು.